ಬೀಳ್ಕೊಡುಗೆಯ ಮಾತಿಗೆ ಒಂದೇ ಫೋಟೊ ಸಾಕು

ಪ್ರೆಸ್ ಕ್ಲಬ್ಬಿನಲ್ಲಿ ನಮ್ಮ ಹಿರಿಯ ಛಾಯಾಗ್ರಾಹಕರ ಬೀಳ್ಕೊಡುಗೆ. ಸಹೋದ್ಯೋಗಿಗಳ ಪರವಾಗಿ ನೀವೇ ಮಾತಾಡಬೇಕೆಂದು ಎಲ್ಲರೂ ಹೇಳಿದ್ದಾರೆ, ನನಗೂ ಸಂತೋಷವೇ. ಆದರೆ ನೀವು ಕಳಿಸಿದ ಕರಡು ಓದಿದೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಕ್ಯಾಮೆರಾ ಇವರ ಮೂರನೆಯ ಕಣ್ಣು’, ‘ಅಜಾತಶತ್ರು’. ಇದರಲ್ಲಿ ಹೆಸರೊಂದನ್ನು ಬದಲಿಸಿದರೆ ನಾಳೆ ನಿವೃತ್ತರಾಗುವ ಬ್ಯಾಂಕ್ ಮ್ಯಾನೇಜರಿಗೂ ಓದಬಹುದು. ಅದನ್ನು ಪಕ್ಕಕ್ಕಿಡಿ. ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ಅದು ಗೊತ್ತು. ಅವಸರದಲ್ಲಿ ಬರೆದಿದ್ದೀರಿ, ಅದೂ ಗೊತ್ತು.

ಸಭೆಗೆ ಮೊದಲೇ ಒಂದು ದಿನ ಅವರ ಮನೆಗೆ ಹೋಗಿ. ಪ್ರಶಸ್ತಿ ಬಂದ ಫೋಟೊಗಳನ್ನು ಕೇಳಬೇಡಿ, ಅವು ಎಲ್ಲರಿಗೂ ಬಾಯಿಪಾಠ. ‘ನಿಮಗೆ ಕಷ್ಟ ಕೊಟ್ಟ ಒಂದು ಫೋಟೊ ತೋರಿಸಿ’ ಎಂದು ಕೇಳಿ. ನೆಗೆಟಿವ್ ತೆಗೆದು ಕೈಗೆ ಕೊಟ್ಟರೆ ಅಂಚು ಹಿಡಿದೇ ನೋಡಿ, ಮೈಮೇಲೆ ಬೆರಳಿಡಬೇಡಿ. ಹೊಳಪಿಲ್ಲದ ಬದಿಯಲ್ಲಿ ಚಿತ್ರದ ಲೇಪವಿರುತ್ತದೆ. ಅಲ್ಲಿ ಒಂದು ಗೀರು ಬಿದ್ದರೆ ಮುಂದೆ ತೆಗೆಯುವ ಪ್ರತಿಯೊಂದು ಪ್ರತಿಯಲ್ಲೂ ಆ ಗೀರು ಇರುತ್ತದೆ. ಮನೆಗೆ ಒಯ್ದು ಸ್ಕ್ಯಾನ್ ಮಾಡಿಸಿ ಕೊಡುತ್ತೇನೆ ಎನ್ನಬೇಡಿ. ಇಂಥ ಭರವಸೆಗಳು ಎಷ್ಟು ನೆಗೆಟಿವ್‌ಗಳನ್ನು ನುಂಗಿವೆಯೋ! ಸ್ಕ್ಯಾನರನ್ನೇ ಅವರ ಮನೆಗೆ ತೆಗೆದುಕೊಂಡು ಹೋಗಿ.

ಒಂದು ಫೋಟೊ ಆರಿಸಿಕೊಂಡ ಮೇಲೆ ಅದು ಹೇಗೆ ಆಯಿತು ಎಂಬುದನ್ನು ಮೊದಲಿಂದ ಕೊನೆಯವರೆಗೆ ಕೇಳಿ ಬರೆದುಕೊಳ್ಳಿ. ನನಗೆ ಗೊತ್ತಿರುವ ಒಂದನ್ನು ಮಾದರಿಗೆ ಹೇಳುತ್ತೇನೆ, ಬೇಕಾದರೆ ಅದನ್ನೇ ಬಳಸಿ. ರೀಲಿನ ಕಾಲ. ಮಳೆಗಾಲದ ಒಂದು ಸಂಜೆ ತಗ್ಗಿನ ಬೀದಿಯ ಮನೆಗಳಿಗೆ ಮೊಣಕಾಲಮಟ್ಟ ನೀರು ನುಗ್ಗಿತ್ತು, ಕರೆಂಟೂ ಹೋಗಿತ್ತು. ಒಂದು ಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ಅಕ್ಕಿ ಚೀಲವನ್ನು ಹೊರಗೆ ನಿಂತ ಹುಡುಗನಿಗೆ ದಾಟಿಸುತ್ತಿದ್ದಾರೆ. ಇದ್ದ ಬೆಳಕೆಂದರೆ ಒಳಗಿನ ಲಾಟೀನು ಮಾತ್ರ.

ಫ್ಲಾಶ್ ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಎಂದು ಸಭೆಗೆ ಬಿಡಿಸಿ ಹೇಳಿ, ಈಗಿನ ಮಕ್ಕಳಿಗೆ ಗೊತ್ತಿರುವುದಿಲ್ಲ. ಮಳೆಯಲ್ಲಿ ಫ್ಲಾಶ್ ಹಾಕಿದರೆ ಲೆನ್ಸಿಗೆ ಹತ್ತಿರದ ಹನಿಗಳೇ ಬೆಳ್ಳಗೆ ಹೊಳೆದು ಮುಂದೆ ಪರದೆ ಕಟ್ಟುತ್ತವೆ. ಲಾಟೀನಿನ ಬೆಳಕೂ ಸತ್ತುಹೋಗುತ್ತದೆ. ಆಗ ಅಜ್ಜಿಯ ಮುಖ ಪೊಲೀಸ್ ಠಾಣೆಯ ಫೋಟೊದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ನಮ್ಮ ಹಿರಿಯರ ಹತ್ತಿರ ಇದ್ದದ್ದು 400ರ ಕಪ್ಪು-ಬಿಳುಪು ಫಿಲ್ಮು. ಅದನ್ನೇ 1600 ಎಂದು ಲೆಕ್ಕ ಹಾಕಿ, 50 ಎಂ.ಎಂ. ಲೆನ್ಸನ್ನು ಪೂರ್ತಿ ತೆರೆದು, ವಿದ್ಯುತ್ ಕಂಬಕ್ಕೆ ಭುಜ ಒತ್ತಿ, ಉಸಿರು ಬಿಗಿಹಿಡಿದು ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ತೆಗೆದರು.

ಹೀಗೆ ತೆಗೆದದ್ದಕ್ಕೆ ಬೆಲೆಯನ್ನು ಡಾರ್ಕ್‌ರೂಮಿನಲ್ಲಿ ತೆರಬೇಕು. ಕಡಿಮೆ ಬಿದ್ದ ಬೆಳಕನ್ನು ಸರಿದೂಗಿಸಲು ಫಿಲ್ಮನ್ನು ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡಬೇಕು. ಹಾಗೆ ಬಿಡುವಾಗ ಒಂದು ಫ್ರೇಮಿಗೆ ಬೇರೆ, ಇನ್ನೊಂದಕ್ಕೆ ಬೇರೆ ಎಂದು ಮಾಡಲಾಗುವುದಿಲ್ಲ, ಇಡೀ ರೋಲಿಗೆ ಒಂದೇ ಲೆಕ್ಕ. ಅದೇ ರೋಲಿನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಸಚಿವರ ಕಾರ್ಯಕ್ರಮ ಇದ್ದರೆ ಅದು ದಟ್ಟವಾಗಿ ಕೆಟ್ಟಿತೆಂದೇ ತಿಳಿಯಿರಿ. ಅದಕ್ಕೇ ಅವರು ಮಳೆಯಲ್ಲಿ, ಮನೆಯೊಂದರ ಸೂರಿನ ಕೆಳಗೆ ನಿಂತು, ಅರ್ಧ ಉಳಿದಿದ್ದ ರೋಲನ್ನು ಸುತ್ತಿ ತೆಗೆದು ಹೊಸದು ಹಾಕಿದ್ದರು. ಫಿಲ್ಮಿಗೆ ಲೆಕ್ಕ ಕೊಡಬೇಕಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ನಿರ್ಧಾರವಲ್ಲ. ಆಮೇಲೆ ಆಫೀಸಿಗೆ ಓಟ. ಪುಟ ಹೊರಡುವ ಹೊತ್ತಾಗಿತ್ತು, ಫಿಲ್ಮು ಒಣಗುವವರೆಗೆ ಕಾಯುವಂತಿರಲಿಲ್ಲ. ತೊಳೆದ ನೆಗೆಟಿವ್ ಹಸಿಯಾಗಿರುವಾಗಲೇ ಎನ್‌ಲಾರ್ಜರಿಗೆ ಹಾಕಿ ಪ್ರಿಂಟ್ ತೆಗೆದರು. ಅಂದು ಡಾರ್ಕ್‌ರೂಮಿನಲ್ಲಿ ಜೊತೆಗಿದ್ದ ಸಹಾಯಕರನ್ನು ಕೇಳಿ ತಿಳಿದುಕೊಂಡು, ಸಭೆಯಲ್ಲಿ ಅವರ ಹೆಸರನ್ನೂ ಹೇಳಿ. ಬಿಡಬೇಡಿ.

ಇಷ್ಟು ಹೇಳಿದರೆ ಕಸುಬು ಅರ್ಥವಾಯಿತು. ಈಗ ಮನುಷ್ಯ ಅರ್ಥವಾಗಬೇಕು. ಅದಕ್ಕೆ ಅಡಿಬರಹದ ಕಥೆ ಹೇಳಿ. ಫೋಟೊ ನೋಡಿದವರೆಲ್ಲ ‘ಅಜ್ಜಿ, ಮೊಮ್ಮಗ’ ಎಂದರು. ಡೆಸ್ಕಿನಲ್ಲಿ ಹಾಗೇ ಬರೆಯಲೂ ಹೊರಟಿದ್ದರು. ಇವರು ಜೇಬಿನ ಚೀಟಿ ತೆಗೆದರು. ಎಡದಿಂದ ಬಲಕ್ಕೆ ಇಬ್ಬರ ಹೆಸರೂ ಇತ್ತು. ಹುಡುಗ ಮೊಮ್ಮಗನಲ್ಲ, ಎದುರುಮನೆಯವನು, ಬೇರೆ ಮತದವನು. ಅಕ್ಕಿ ಸಾಗುತ್ತಿದ್ದದ್ದೂ ಅವನ ಮನೆಯ ಅಟ್ಟಕ್ಕೆ. ಕೇಳದೆ ಬರೆದಿದ್ದರೆ ಆ ಫೋಟೊದಲ್ಲಿದ್ದ ಸುದ್ದಿಯೇ ಬಿದ್ದುಹೋಗುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನೀವು ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರಕ್ಕೆ ಊಹೆಯ ಮೇಲೆ ಎರಡು ಸಾಲು ಬರೆದು ಹಾಕುತ್ತೀರಲ್ಲ, ಆ ಅಭ್ಯಾಸ ಬಿಡಿ. ತೆಗೆದವರಿಗೆ ಒಂದು ಫೋನ್ ಮಾಡಿದರೆ ಕೈ ಸವೆಯುವುದಿಲ್ಲ.

ಅಂದೇ ಇನ್ನೊಂದು ನಡೆಯಿತು. ಜೊತೆಗಿದ್ದ ವರದಿಗಾರರು, ಚೀಲ ಸರಿಯಾಗಿ ಕಾಣಲಿಲ್ಲ, ಅಜ್ಜಿಗೆ ಇನ್ನೊಮ್ಮೆ ಕೊಡಲು ಹೇಳಿ ಎಂದರಂತೆ. ಇವರು ಒಪ್ಪಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಿ, ಯಾಕೆಂದರೆ ಸಭೆಯಲ್ಲಿ ಕೂತವರಿಗೆ ಪ್ರಶ್ನೆ ಏಳುತ್ತದೆ: ಇವರೂ ದೀಪ ಬೆಳಗುವ ಅತಿಥಿಗಳಿಗೆ ‘ಸಾರ್, ಈ ಕಡೆ ನೋಡಿ’ ಎನ್ನುತ್ತಿದ್ದರಲ್ಲವೇ? ಹೌದು, ಎನ್ನುತ್ತಿದ್ದರು. ದೀಪ ಬೆಳಗುವುದು, ಸಸಿ ನೆಡುವುದು, ಚೆಕ್ ಕೊಡುವುದು ಜನರ ಮುಂದೆ ನಡೆಸುವ ವಿಧಿ. ಅದು ಫೋಟೊಗೆ ನಿಂತದ್ದು ಎಂದು ಓದುಗರಿಗೂ ಗೊತ್ತು, ಯಾರಿಗೂ ಮೋಸವಿಲ್ಲ. ನೀರು ನುಗ್ಗಿದ ಮನೆಯಲ್ಲಿ ನಡೆದದ್ದು ತಾನಾಗಿ ನಡೆದದ್ದು ಎಂದು ಓದುಗರು ನಂಬುತ್ತಾರೆ. ಅಲ್ಲಿ ಇನ್ನೊಮ್ಮೆ ಮಾಡಿಸಿದರೆ ಅದು ಸುಳ್ಳು.

ಈ ಮಾತಿಗೆ ಪುಷ್ಟಿ ಬೇಕೆಂದರೆ 2003ರ ಇರಾಕ್ ಯುದ್ಧದ ಒಂದು ಪ್ರಕರಣ ಹೇಳಿ. ಅಮೆರಿಕದ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಬಸ್ರಾ ಹತ್ತಿರ ಕೆಲವೇ ಕ್ಷಣಗಳ ಅಂತರದಲ್ಲಿ ಫೋಟೊಗಳನ್ನು ತೆಗೆದಿದ್ದರು. ಒಂದರಲ್ಲಿ ಬ್ರಿಟಿಷ್ ಸೈನಿಕನ ಭಂಗಿ ಚೆನ್ನಾಗಿತ್ತು, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡು ಬರುವ ಮನುಷ್ಯ ಚೆನ್ನಾಗಿದ್ದ. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಒಂದೇ ಚಿತ್ರ ಮಾಡಿ ಕಳಿಸಿದರು. ಅದು ಮುಖಪುಟದಲ್ಲಿ ಬಂತು. ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಹಿಂದೆ ಕೂತ ಜನರ ಗುಂಪಿನಲ್ಲಿ ಅದೇ ಜನ ಎರಡೆರಡು ಸಲ ಕಾಣುತ್ತಿದ್ದರು. ಪತ್ರಿಕೆ ಅವರನ್ನು ಕೆಲಸದಿಂದ ತೆಗೆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ಚಿತ್ರಗಳಲ್ಲೂ ಇದ್ದದ್ದು ನಿಜವೇ. ಆದರೆ ಆ ಜೋಡಿಸಿದ ಗಳಿಗೆ ಮಾತ್ರ ಎಂದೂ ನಡೆದಿರಲಿಲ್ಲ.

ಹಾಗೆಂದು ಫೋಟೊವನ್ನು ಮುಟ್ಟಲೇಬಾರದು ಎಂದು ಭಾಷಣ ಬಿಗಿಯಬೇಡಿ. ಡಾರ್ಕ್‌ರೂಮಿನಲ್ಲಿ ಇವರೂ ಕೈ ಅಡ್ಡ ಹಿಡಿದು ಮುಖವನ್ನು ತಿಳಿ ಮಾಡುತ್ತಿದ್ದರು, ಆಕಾಶಕ್ಕೆ ಬೆಳಕು ಹೆಚ್ಚು ಕೊಟ್ಟು ಗಾಢ ಮಾಡುತ್ತಿದ್ದರು. ಇದ್ದದ್ದನ್ನು ಕಾಣಿಸಲು ಅಷ್ಟು ಸರಿ. ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ಅಳಿಸುವುದು ತಪ್ಪು. ಅಂಚು ಕತ್ತರಿಸುವಾಗಲೂ ಅಷ್ಟೇ ಎಚ್ಚರ ಬೇಕು. ಲಾಠಿ ಎತ್ತಿದ ಪೊಲೀಸನನ್ನು ಉಳಿಸಿ, ಎದುರಿಗೆ ಕಲ್ಲು ಹಿಡಿದವನನ್ನು ಕತ್ತರಿಸಿದರೆ ಒಂದು ಚುಕ್ಕಿಯನ್ನೂ ಬದಲಿಸದೆ ಸುಳ್ಳು ಹೇಳಿದಂತಾಯಿತು. ಕಲ್ಲು ಹಿಡಿದವನನ್ನು ಮಾತ್ರ ಉಳಿಸಿದರೂ ಅಷ್ಟೇ.

ಇನ್ನು, ಅವರು ತೆಗೆಯದ ಫೋಟೊಗಳ ಬಗ್ಗೆ ಒಂದು ಮಾತು ಇರಲಿ. ಆಸ್ಪತ್ರೆಯ ಶವಾಗಾರದ ಮುಂದೆ ಕ್ಯಾಮೆರಾವನ್ನು ಹೆಗಲಿಂದ ಇಳಿಸಿ ನಿಲ್ಲುತ್ತಿದ್ದರು. ಮನೆಯವರಲ್ಲಿ ಯಾರಾದರೂ ತಲೆಯಾಡಿಸಿದರೆ ಮಾತ್ರ ಎತ್ತುತ್ತಿದ್ದರು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿಕೊಂಡ ಹೋಮೈ ವ್ಯಾರಾವಾಲಾ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸಬರ ನಡತೆ ತಮಗೆ ಸರಿಬರಲಿಲ್ಲ ಎಂಬುದನ್ನೂ ಅದಕ್ಕೆ ಕಾರಣವಾಗಿ ಅವರು ಹೇಳಿಕೊಂಡಿದ್ದರು. ಆ ಬೇಸರ ನಮ್ಮ ಹಿರಿಯರಿಗೂ ಇದೆ. ಸಂಕೋಚಕ್ಕೆ ಹೇಳಿಕೊಳ್ಳುವುದಿಲ್ಲ. ಕೇಳಿ ನೋಡಿ.

ಸಭೆಯ ಜೊತೆಗೆ ಅವರ ಫೋಟೊಗಳ ಪ್ರದರ್ಶನ ಇಡುವವರೂ ನೀವೇ ಆದ್ದರಿಂದ ಕಾನೂನನ್ನೂ ಹೇಳಿಬಿಡುತ್ತೇನೆ. ಹಳೆಯ ಫೋಟೊ ಎಂದು ಎಲ್ಲವನ್ನೂ ಗೋಡೆಗೆ ತೂಗುಹಾಕಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಹಾಕುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ತಡೆಯುತ್ತದೆ. ಮಗುವಿನ ಮುಖವೊಂದೇ ಅಲ್ಲ, ಶಾಲೆ, ನೆರೆಹೊರೆ, ಮನೆಯವರ ವಿವರ, ಗುರುತು ಹಿಡಿಯಲು ದಾರಿಯಾಗುವ ಯಾವುದೂ ಕೂಡದು. ಮುಖ ಮಸುಕು ಮಾಡಿ ಹಿಂದೆ ಮನೆಯ ಬಾಗಿಲು, ಬೀದಿಯ ಬೋರ್ಡು ಬಿಟ್ಟರೆ ಏನು ಬಂತು? ಊರಿನವರಿಗೆ ಅಷ್ಟೇ ಸಾಕು. ಇಂಥ ಪ್ರಕರಣದ್ದು ಎಂಬ ಅನುಮಾನ ಬಂದರೂ ಆ ಚಿತ್ರ ಪೆಟ್ಟಿಗೆಯಲ್ಲೇ ಇರಲಿ.

ಹಕ್ಕಿನ ವಿಷಯವನ್ನೂ ಪತ್ರಿಕೆಯ ಆಡಳಿತದವರ ಜೊತೆ ಮೊದಲೇ ಮಾತಾಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ನೌಕರಿಯಲ್ಲಿದ್ದು ತೆಗೆದ ಫೋಟೊವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು. ಉಳಿದ ಹಕ್ಕು ತೆಗೆದವರದ್ದು. ಯಾರದ್ದೇ ಇರಲಿ, ತೆಗೆದವರು ಇವರು ಎಂದು ಹೇಳಿಸಿಕೊಳ್ಳುವ ಹಕ್ಕು ಮಾತ್ರ ಅವರಿಂದ ಹೋಗುವುದಿಲ್ಲ. ಆದ್ದರಿಂದ ಪ್ರತಿ ಚಿತ್ರದ ಕೆಳಗೆ ಅವರ ಹೆಸರು, ಊರು, ವರ್ಷ ಇರಲಿ. ‘ಸಂಗ್ರಹ ಚಿತ್ರ’ ಎಂದು ಹಾಕಿ ಕೈತೊಳೆದುಕೊಳ್ಳುವುದು ಬೇಡ, ಅದೂ ಅವರದೇ ಬೀಳ್ಕೊಡುಗೆಯಲ್ಲಿ!

ಮಾತು ಎಂಟು ನಿಮಿಷ ಮೀರದಿರಲಿ. ಅತಿಯಾದರೆ ಅಮೃತವೂ ವಿಷ. ಐದು ನಿಮಿಷ ಆ ಫೋಟೊಗೆ, ಎರಡು ನಿಮಿಷ ನೀತಿಗೆ, ಉಳಿದದ್ದು ಮನೆಯವರಿಗೆ. ಹೊತ್ತುಗೊತ್ತಿಲ್ಲದೆ ಫೋನ್ ಬಂದಾಗ ಊಟದ ತಟ್ಟೆ ಮುಚ್ಚಿಟ್ಟು ಕಾದವರು ಅವರು. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಹತ್ತು ಮೊಬೈಲುಗಳ ಮುಂದೆ ಹಿರಿಯರನ್ನು ನಿಲ್ಲಿಸಿಕೊಳ್ಳಬೇಡಿ, ಮಂಡಿನೋವಿದೆ. ಒಬ್ಬರು ತೆಗೆದರೆ ಸಾಕು, ಎಲ್ಲರೂ ಹಂಚಿಕೊಳ್ಳಿ. ಅಜ್ಜಿಯ ಫೋಟೊದ ಆ ಹುಡುಗ ಈಗಲೂ ಅದೇ ಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಆಹ್ವಾನ ಪತ್ರಿಕೆಯನ್ನು ಅವನಿಗೂ ಒಂದು ತಲುಪಿಸಿ. ಫೋನಿನಲ್ಲಿ ಬೇಡ, ನೀವೇ ಹೋಗಿ ಕೊಟ್ಟು ಬನ್ನಿ. ಆ ಚಿತ್ರವನ್ನು ಸಭೆಯಲ್ಲಿ ತೋರಿಸಬಹುದೇ ಎಂದೂ ಕೇಳಿಕೊಂಡು ಬನ್ನಿ.