ಆಯಿಲ್ ತೆಳುವಾಯಿತೇ, ಬಾತ್ ಬಿಸಿಯಾಯಿತೇ?

ಕಬ್ಬು ಅರೆಯುವ ಹಂಗಾಮು ಹತ್ತಿರ ಬಂದಾಗ ಸಕ್ಕರೆ ಕಾರ್ಖಾನೆಗಳಲ್ಲಿ ಟರ್ಬೈನ್ ಮತ್ತು ಗೇರ್‌ಬಾಕ್ಸ್‌ಗಳ ಆಯಿಲ್ ಪರೀಕ್ಷೆಯ ಮಾತು ಬರುತ್ತದೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಇರಲಿ, ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕೋರಮಂಡಲ್ ಕಾರ್ಖಾನೆ ಇರಲಿ, ಟರ್ಬೈನ್ ತಿರುಗುವ ಕಡೆಯಲ್ಲೆಲ್ಲ ಪ್ರಶ್ನೆ ಒಂದೇ: ಇರುವ ಆಯಿಲ್ ಈ ಹಂಗಾಮಿಗೂ ಬಾಳುತ್ತದೆಯೇ, ಬದಲಾಯಿಸಬೇಕೇ? ಉತ್ತರಕ್ಕೆ ಮೊದಲು ನೋಡುವುದು ಆಯಿಲ್‌ನ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದನ್ನು. ಅಳೆಯುವ ಸಾಧನ ವಿಸ್ಕೋಮೀಟರ್. ಆದರೆ ವಿಸ್ಕೋಮೀಟರ್ ಕೊಡುವ ಅಂಕಿ ಸರಿಯೇ ಎಂದು ತಿಳಿಯುವುದು ಹೇಗೆ? ಅದಕ್ಕಾಗಿಯೇ ಸ್ನಿಗ್ಧತೆಯನ್ನು ಮೊದಲೇ ಕರಾರುವಾಕ್ಕಾಗಿ ಅಳೆದು, ಪ್ರಮಾಣಪತ್ರದೊಂದಿಗೆ ಮಾರುವ ರೆಫರೆನ್ಸ್ ಆಯಿಲ್‌ಗಳಿವೆ. ಅವುಗಳಿಂದ ಗಾಜಿನ ಕೊಳವೆಯ ವಿಸ್ಕೋಮೀಟರನ್ನು ತಾಳೆ ನೋಡುವ ಕ್ರಮ ಇಲ್ಲಿದೆ. ಕಾರ್ಖಾನೆಯ ಕೆಮಿಸ್ಟ್‌ಗಳಿಗೂ ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದವರಿಗೂ ಇದು ಉಪಯೋಗಕ್ಕೆ ಬರಬಹುದು.

ಒಂದು ಡಿಗ್ರಿಯ ಬೆಲೆ

ಆಲೆಮನೆಯಲ್ಲಿ ಬೆಲ್ಲದ ಪಾಕ ಕೊಪ್ಪರಿಗೆಯಿಂದ ಇಳಿದು ಆರುತ್ತ ಬಂದಂತೆ ಹೇಗೆ ಬಿಗಿಯುತ್ತದೆ ಎಂಬುದು ಮಂಡ್ಯ ಜಿಲ್ಲೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆಯಿಲ್‌ನದೂ ಅದೇ ಸ್ವಭಾವ. ಹಾಗಾಗಿ ಯಾವ ಉಷ್ಣಾಂಶದಲ್ಲಿ ಅಳೆದದ್ದು ಎಂದು ಹೇಳದ ಸ್ನಿಗ್ಧತೆಗೆ ಅರ್ಥವಿಲ್ಲ. ಟರ್ಬೈನ್ ಆಯಿಲ್ ಡಬ್ಬಿಯ ಮೇಲಿನ ವಿಜಿ 46 ಎಂಬ ಗುರುತು ಹೇಳುವುದೂ ಅದನ್ನೇ: 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಸ್ನಿಗ್ಧತೆ 46 ಸೆಂಟಿಸ್ಟೋಕ್‌ನ ಆಸುಪಾಸು.

ಇಂಥ ಆಯಿಲ್ 40 ಡಿಗ್ರಿಯ ಬಳಿ ಪ್ರತಿ ಡಿಗ್ರಿಗೆ ಸುಮಾರು ಶೇ 4.5ರಷ್ಟು ತೆಳುವಾಗುತ್ತದೆ. ಗಿರಣಿಯ ಭಾರಿ ಗೇರ್‌ಗಳಿಗೆ ಹಾಕುವ ವಿಜಿ 460 ಆಯಿಲ್ ಆದರೆ ಸುಮಾರು ಶೇ 6.5ರಷ್ಟು. ಬಳಕೆಯಲ್ಲಿರುವ ಟರ್ಬೈನ್ ಆಯಿಲ್‌ನ ಸ್ನಿಗ್ಧತೆ ಹೊಸದಾಗಿದ್ದಾಗ ಇದ್ದುದಕ್ಕಿಂತ ಶೇ 5ರಷ್ಟು ಬದಲಾದರೆ ಅದನ್ನು ಎಚ್ಚರಿಕೆಯ ಗಂಟೆ ಎಂದು ಭಾವಿಸುವುದು ರೂಢಿ. ವಿಸ್ಕೋಮೀಟರ್ ಮುಳುಗಿಸಿಡುವ ನೀರಿನ ಬಾತ್ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ ಒಳ್ಳೆಯ ಆಯಿಲ್ ಕೆಟ್ಟಂತೆ ಕಾಣುತ್ತದೆ. ಒಂದು ಡಿಗ್ರಿ ತಣ್ಣಗಿದ್ದರೆ ನಿಜವಾಗಿ ತೆಳುವಾದ ಆಯಿಲ್ ಸರಿಯಾಗಿದೆ ಎನಿಸಿಕೊಂಡು ಪಾಸಾಗುತ್ತದೆ. ಎರಡನೆಯದು ಹೆಚ್ಚು ಅಪಾಯದ್ದು.

ಹತ್ತನೇ ಒಂದು ಡಿಗ್ರಿಯ ಒಳಗೆ ಹಿಡಿದರೆ ಉಷ್ಣಾಂಶದಿಂದ ಬರುವ ತಪ್ಪು ವಿಜಿ 46 ಆಯಿಲ್‌ನಲ್ಲಿ ಶೇ 0.45ಕ್ಕೆ ಇಳಿಯುತ್ತದೆ. ಆಯಿಲ್ ಬದಲಿಸುವ ತೀರ್ಮಾನಕ್ಕೆ ಇಷ್ಟು ಸಾಕು. ಆದರೆ ವಿಸ್ಕೋಮೀಟರನ್ನೇ ತಾಳೆ ನೋಡುವಾಗ ಸಾಲದು, ಏಕೆಂದರೆ ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ ಶೇ 0.35. ಹತ್ತನೇ ಒಂದು ಡಿಗ್ರಿ ತಪ್ಪಿದರೆ ಆ ಮಿತಿ ಪೂರ್ತಿ ಅದಕ್ಕೇ ಖರ್ಚಾಗಿ, ಮೇಲೂ ಬೀಳುತ್ತದೆ. ಗಾಜಿನ ವಿಸ್ಕೋಮೀಟರ್‌ಗೆ ಬಾತ್‌ನ ಉಷ್ಣಾಂಶ 0.02 ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಕೂಡದು ಎಂದು ಪರೀಕ್ಷಾ ವಿಧಾನ ಬಿಗಿಯಾಗಿ ಹೇಳುವುದು ಇದಕ್ಕೇ.

ಮೊದಲು ಥರ್ಮಾಮೀಟರ್, ಆಮೇಲೆ ಆಯಿಲ್

ಹೆಚ್ಚಿನವರು ನೇರವಾಗಿ ರೆಫರೆನ್ಸ್ ಆಯಿಲ್ ಬಾಟಲಿಗೆ ಕೈ ಹಾಕುತ್ತಾರೆ. ಶುರು ಮಾಡಬೇಕಾದದ್ದು ಮಂಜುಗಡ್ಡೆಯಿಂದ. ಗಾಜಿನ ಥರ್ಮಾಮೀಟರ್‌ನ ಬುರುಡೆ ವರ್ಷಗಳು ಕಳೆದಂತೆ ಕೂದಲೆಳೆಯಷ್ಟು ಕುಗ್ಗುತ್ತದೆ. ಪಾದರಸ ಮೇಲೇರಿ, ಇರುವುದಕ್ಕಿಂತ ಹೆಚ್ಚು ಉಷ್ಣಾಂಶ ತೋರಿಸುತ್ತದೆ. ಡಿಸ್ಟಿಲ್ಡ್ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿ ಮಾಡಿ, ಅದೇ ನೀರು ಬೆರೆಸಿ, ಥರ್ಮೋಸ್ ಫ್ಲಾಸ್ಕಿನಲ್ಲಿ ಒತ್ತಿ ತುಂಬಿ ಥರ್ಮಾಮೀಟರ್ ಇಳಿಬಿಡಿ. ಈ ಕೆಲಸಕ್ಕೆಂದೇ ಇರುವ 40 ಡಿಗ್ರಿಯ ಥರ್ಮಾಮೀಟರ್‌ನಲ್ಲಿ ಅಳತೆಪಟ್ಟಿ 38.6ರಿಂದ 41.4 ಡಿಗ್ರಿಯವರೆಗೆ ಮಾತ್ರ; ಒಂದೊಂದು ಗೆರೆ 0.05 ಡಿಗ್ರಿ. ಕೆಳಗೆ ಸೊನ್ನೆಯ ಸುತ್ತ ಇನ್ನೊಂದು ಪುಟ್ಟ ಪಟ್ಟಿ ಇರುತ್ತದೆ, ಅದು ಇರುವುದೇ ಈ ಮಂಜುಗಡ್ಡೆ ಪರೀಕ್ಷೆಗೆ. ಪಾದರಸ ನಿಂತ ಮೇಲೆ, ಭೂತಗನ್ನಡಿ ಹಿಡಿದು ಓದಿ. ಪ್ರಮಾಣಪತ್ರದಲ್ಲಿರುವ ಸೊನ್ನೆಯ ಓದಿಗಿಂತ ಎಷ್ಟು ಸರಿದಿದೆಯೋ ಅಷ್ಟೇ ತಿದ್ದುಪಡಿ 40 ಡಿಗ್ರಿಯ ಓದಿಗೂ ಸಲ್ಲುತ್ತದೆ.

ಬಾತ್‌ನ ಡಿಜಿಟಲ್ ಪರದೆ ತೋರಿಸುವ 40.00 ಎಂಬ ಅಂಕಿಯನ್ನು ನಂಬಬೇಡಿ. ಅದು ಸೆನ್ಸರ್ ಇರುವ ಜಾಗದ ಉಷ್ಣಾಂಶ. ಕೊಳವೆ ನೇತುಬೀಳುವ ಜಾಗದಲ್ಲಿ, ಮೇಲೆ ಒಮ್ಮೆ, ಕೆಳಗೆ ಒಮ್ಮೆ ನಿಮ್ಮ ಥರ್ಮಾಮೀಟರ್‌ನಿಂದಲೇ ನೋಡಿ. ನೀರು ಕಲಕುವ ಮೋಟರ್ ನಿಧಾನವಾಗಿದ್ದರೆ ಇಲ್ಲಿ ವ್ಯತ್ಯಾಸ ಬಯಲಾಗುತ್ತದೆ. ಫ್ಯಾನಿನ ಗಾಳಿ ಬಾತ್‌ನ ಮೇಲೆ ಬೀಳದಿರಲಿ. ಕರೆಂಟ್ ಹೋಗಿ ಬಂದರೆ ಪರದೆಯ ಅಂಕಿ ಬೇಗ 40ಕ್ಕೆ ಮರಳುತ್ತದೆ, ಕೊಳವೆಯೊಳಗಿನ ಆಯಿಲ್ ಮರಳಲು ಹೊತ್ತು ಬೇಕು. ಅಂಥ ದಿನ ಮತ್ತೆ ಅರ್ಧ ಗಂಟೆ ಕಾಯುವುದೇ ಒಳ್ಳೆಯದು.

ಅಳೆಯುವ ಕ್ರಮ

ಪರೀಕ್ಷಿಸುವ ಆಯಿಲ್‌ನ ಸ್ನಿಗ್ಧತೆಗೆ ಹತ್ತಿರವಿರುವ, ಅವಧಿ ಮುಗಿಯದ ರೆಫರೆನ್ಸ್ ಆಯಿಲ್ ಆರಿಸಿ. ಬೇಕಾದಷ್ಟನ್ನು ಬೇರೆ ಪಾತ್ರೆಗೆ ಸುರಿದುಕೊಳ್ಳಿ. ಒಮ್ಮೆ ಹೊರಬಂದದ್ದನ್ನು ಬಾಟಲಿಗೆ ಮರಳಿ ಹಾಕಬೇಡಿ. ಕೊಳವೆಯನ್ನು ಮೊದಲು ಪೆಟ್ರೋಲಿಯಂ ಈಥರ್‌ನಂಥ ದ್ರಾವಕದಿಂದ, ಬಳಿಕ ಅಸಿಟೋನ್‌ನಿಂದ ತೊಳೆದು, ಸೋಸಿದ ಒಣ ಗಾಳಿ ಹಾಯಿಸಿ ಒಣಗಿಸಿ. ಕೂದಲಿನಂಥ ರಂಧ್ರದಲ್ಲಿ ಒಂದು ಧೂಳಿನ ಕಣ ಸಿಕ್ಕಿದರೂ ಸಮಯ ಏರುತ್ತದೆ.

ಆಯಿಲ್ ತುಂಬಿದ ಕೊಳವೆಯನ್ನು ತೂಗುಗುಂಡಿನ ದಾರ ನೋಡಿ ನೆಟ್ಟಗೆ ನಿಲ್ಲಿಸಿ. ಒಳಗಿನ ಆಯಿಲ್‌ನ ಎಲ್ಲ ಭಾಗವೂ ಬಾತ್‌ನ ನೀರಿನ ಮಟ್ಟಕ್ಕಿಂತ ಕನಿಷ್ಠ 20 ಮಿಲಿಮೀಟರ್ ಕೆಳಗೇ ಇರಬೇಕು, ತಳದಿಂದಲೂ ಅಷ್ಟೇ ಮೇಲಿರಬೇಕು. ಅರ್ಧ ಗಂಟೆ ಬಿಡಿ. ಆಮೇಲೆ ಆಯಿಲನ್ನು ಮೇಲಿನ ಗೆರೆ ದಾಟಿಸಿ ಎಳೆದು ಬಿಟ್ಟು, ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುವ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಬರೆದುಕೊಳ್ಳಿ. ಸಮಯ 200 ಸೆಕೆಂಡಿಗಿಂತ ಕಡಿಮೆ ಬಂದರೆ ಆ ಕೊಳವೆ ಆ ಆಯಿಲ್‌ಗೆ ಅಲ್ಲ, ಇನ್ನೂ ಸಣ್ಣ ರಂಧ್ರದ್ದು ಬೇಕು. ಎರಡು ಸಲ ಅಳೆದು, ಎರಡೂ ಹೊಂದಿಕೆಯಾದರೆ ಸರಾಸರಿ ತೆಗೆಯಿರಿ. ಸ್ನಿಗ್ಧತೆಯ ಸೂತ್ರ ಸರಳ:

ν = C × t

t ಎಂದರೆ ಸೆಕೆಂಡುಗಳು, C ಎಂದರೆ ಆ ಕೊಳವೆಯ ಸ್ಥಿರಾಂಕ. ಈ ಸ್ಥಿರಾಂಕದಲ್ಲೇ ನಮ್ಮೂರಿನ ಒಂದು ಲೆಕ್ಕ ಅಡಗಿದೆ. ಕೊಳವೆಯಲ್ಲಿ ಆಯಿಲ್ ಇಳಿಯುವುದು ಗುರುತ್ವದ ಸೆಳೆತಕ್ಕೆ. ಭೂಮಧ್ಯರೇಖೆಗೆ ಹತ್ತಿರ, ಅದೂ ಸಮುದ್ರಮಟ್ಟಕ್ಕಿಂತ ಮೇಲಿರುವ ಶ್ರೀರಂಗಪಟ್ಟಣ, ಪಾಂಡವಪುರದಂಥ ಕಡೆ ಗುರುತ್ವ ವೇಗೋತ್ಕರ್ಷ ಸುಮಾರು 9.781. ಕೊಳವೆಯ ಪ್ರಮಾಣಪತ್ರ 9.806 ಇರುವ ಊರಿನದಾದರೆ, ಅದರ ಸ್ಥಿರಾಂಕವನ್ನು 9.781/9.806ರಿಂದ ಗುಣಿಸಬೇಕು. ಮರೆತರೆ ಪ್ರತಿ ಫಲಿತಾಂಶವೂ ಶೇ 0.26ರಷ್ಟು ಹೆಚ್ಚು ಬರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ಉದಾಹರಣೆಗೆ, ರೆಫರೆನ್ಸ್ ಆಯಿಲ್‌ನ ಪ್ರಮಾಣಪತ್ರದಲ್ಲಿ 40 ಡಿಗ್ರಿಗೆ 54.20 ಸೆಂಟಿಸ್ಟೋಕ್ ಎಂದಿದೆ ಎಂದುಕೊಳ್ಳಿ. ಕೊಳವೆಯ ಸ್ಥಿರಾಂಕ 0.10086, ಗುರುತ್ವದ ತಿದ್ದುಪಡಿ ಮಾಡಿದರೆ 0.1006. ಎರಡು ಸಲ ಅಳೆದಾಗ 542.4 ಮತ್ತು 542.8 ಸೆಕೆಂಡು ಬಂತು. ಸರಾಸರಿ 542.6, ಸ್ನಿಗ್ಧತೆ 54.59. ಅಂದರೆ ಶೇ 0.7ರಷ್ಟು ಹೆಚ್ಚು, ಮಿತಿಯ ಎರಡರಷ್ಟು.

ಇಲ್ಲಿ ಕೈ ತುರಿಸುವುದು ಸ್ಥಿರಾಂಕವನ್ನೇ ಬದಲಿಸಿ ಅಂಕಿ ಕೂಡಿಸಲು. ಹಾಗೆ ಮಾಡಬಾರದು. ಎರಡು ಸಮಯಗಳು ಚೆನ್ನಾಗಿ ಹೊಂದಿವೆ, ಹಾಗಾಗಿ ಅಲೆದಾಡುವ ಧೂಳಿನ ಕಣದ ಅನುಮಾನ ಕಡಿಮೆ. ಈಗ ಅದೇ ಬಾತ್‌ನಲ್ಲಿ ಇನ್ನೊಂದು ಕೊಳವೆಯಿಟ್ಟು ಇನ್ನೂ ಗಟ್ಟಿಯಾದ ರೆಫರೆನ್ಸ್ ಆಯಿಲ್ ಅಳೆಯಿರಿ. ಅದೂ ಹೆಚ್ಚೇ ಬಂದು, ಶೇಕಡಾ ಲೆಕ್ಕದಲ್ಲಿ ಇನ್ನೂ ಹೆಚ್ಚು ತಪ್ಪಿದರೆ ಕಳ್ಳ ಸಿಕ್ಕಂತೆಯೇ: ತಪ್ಪು ಉಷ್ಣಾಂಶದ್ದು. ಮೊದಲ ಕೊಳವೆ ಮಾತ್ರ ತಪ್ಪಿದರೆ ದೋಷ ಕೊಳವೆಯದು. ನಮ್ಮ ಉದಾಹರಣೆಯಲ್ಲಿ ಮಂಜುಗಡ್ಡೆ ಪರೀಕ್ಷೆ ಬಿಟ್ಟುಹೋಗಿತ್ತು. ಮಾಡಿ ನೋಡಿದರೆ ಥರ್ಮಾಮೀಟರ್ 0.15 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಬಾತ್ ನಿಜವಾಗಿ ಇದ್ದದ್ದು 39.85ರಲ್ಲಿ. ಡಿಗ್ರಿಗೆ ಶೇ 4.6ರಂತೆ 0.15 ಡಿಗ್ರಿಗೆ ಶೇ 0.69, ತಪ್ಪಿನ ಲೆಕ್ಕ ಸರಿಹೋಯಿತು. ಥರ್ಮಾಮೀಟರ್ 40.15 ತೋರಿಸುವಂತೆ ಬಾತ್ ಹೊಂದಿಸಿ ಮತ್ತೆ ಅಳೆದಾಗ 539.1 ಸೆಕೆಂಡು, ಸ್ನಿಗ್ಧತೆ 54.23. ವ್ಯತ್ಯಾಸ ಶೇ 0.06.

ಫಲಿತಾಂಶ ಮೊದಲ ಸಲಕ್ಕೇ ಸರಿ ಬಂದರೂ ಬೀಗಬೇಡಿ. ಬಾತ್ 0.05 ಡಿಗ್ರಿ ಬಿಸಿಯಾಗಿದ್ದು, ಗುರುತ್ವದ ತಿದ್ದುಪಡಿಯನ್ನೂ ಮರೆತಿದ್ದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿ ಅಂಕಿ ಸರಿಯಾಗಿಯೇ ಕಾಣುತ್ತದೆ. ಒಂದೇ ರೆಫರೆನ್ಸ್ ಆಯಿಲ್ ಸಾಲದು, ಸ್ನಿಗ್ಧತೆ ಬೇರೆ ಬೇರೆಯಿರುವ ಎರಡಾದರೂ ಬೇಕು ಎನ್ನುವುದು ಇದಕ್ಕೇ.

ಕಾಕಂಬಿ ಅಳೆಯುವ ತಿರುಗುವ ಸ್ಪಿಂಡಲ್‌ನ ವಿಸ್ಕೋಮೀಟರ್ ಇಷ್ಟು ನಾಜೂಕಿನದಲ್ಲ. ಅದರ ನಿಖರತೆಯೇ ಸಾಮಾನ್ಯವಾಗಿ ಪೂರ್ಣ ಅಳತೆಯ ಶೇ 1ರಷ್ಟು. ಅದಕ್ಕೆ ಬಾತ್ ಹತ್ತನೇ ಒಂದು ಡಿಗ್ರಿಯೊಳಗೆ ನಿಂತರೆ ಸಾಕು. ಆದರೆ ಅಲ್ಲೂ ಬೀಕರ್‌ನ ನಡುವಿನ ದ್ರವ ಬಾತ್‌ನ ಉಷ್ಣಾಂಶಕ್ಕೆ ಬರಲು ಒಂದು ಗಂಟೆ ಕಾಯಲೇಬೇಕು.

ತಾಳೆಯ ದಿನ ರಿಜಿಸ್ಟರ್‌ನಲ್ಲಿ ಬಾಟಲಿಯ ಬ್ಯಾಚ್ ಸಂಖ್ಯೆ, ಮಂಜುಗಡ್ಡೆಯ ಓದು, ಬಾತ್‌ನ ಓದು, ಎರಡು ಸಮಯಗಳು ಮತ್ತು ಶೇಕಡಾ ವ್ಯತ್ಯಾಸ ಬರೆದಿಡಿ. ತೊಳೆದು, ಥರ್ಮಾಮೀಟರ್ ತಿದ್ದಿ, ಮತ್ತೆ ಅಳೆದರೂ ಕೊಳವೆ ಶೇ 0.35ರ ಒಳಗೆ ಬಾರದಿದ್ದರೆ ಅದನ್ನು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ. ಅಲ್ಲಿಂದ ಹೊಸ ಸ್ಥಿರಾಂಕ ಬರುವವರೆಗೆ ಆ ಕೊಳವೆಯಲ್ಲಿ ಅಳೆದ ಅಂಕಿ ನೋಡಿ ಟರ್ಬೈನ್ ಆಯಿಲ್ ಬದಲಿಸಬೇಡಿ, ಇನ್ನೂ ಬಾಳುತ್ತದೆ ಎಂದೂ ಬರೆದುಕೊಡಬೇಡಿ.