ಸಂಸ್ಕರಿತ ತ್ಯಾಜ್ಯನೀರಿನ ನೀರಾವರಿ: ಸಾರಜನಕ, ಲವಣ ಮತ್ತು ಲೋಹಗಳ ಹೊರೆಯನ್ನು ಲೆಕ್ಕ ಹಾಕುವ ಕ್ರಮ

ಪಟ್ಟಣದ ಸಂಸ್ಕರಣಾ ಘಟಕದಿಂದ ಹೊರಬರುವ ನೀರು ನೋಡಲು ತಿಳಿಯಾಗಿರುತ್ತದೆ. ಆದರೆ ಸಾಮಾನ್ಯ ಸಂಸ್ಕರಣೆಯು ಮುಖ್ಯವಾಗಿ ಕೊಳೆಯುವ ಪದಾರ್ಥವನ್ನೂ ತೇಲುವ ಕಣಗಳನ್ನೂ ತೆಗೆಯುತ್ತದೆ. ಕರಗಿದ ಲವಣವನ್ನು ತೆಗೆಯುವುದಿಲ್ಲ. ಸಾರಜನಕದ ಒಂದು ಭಾಗವೂ ಉಳಿಯುತ್ತದೆ. ಆದ್ದರಿಂದ ಈ ನೀರನ್ನು ಹೊಲಕ್ಕೆ ನೇರವಾಗಿ ಹಾಯಿಸುವ ಪ್ರಸ್ತಾವ ಗ್ರಾಮ ಪಂಚಾಯಿತಿಯ ಮುಂದೆ ಬಂದಾಗ, ನೀರು ಎಷ್ಟು ದೊರೆಯುತ್ತದೆ ಎಂಬುದರ ಜೊತೆಗೆ ಅದು ಏನನ್ನು ಹೊತ್ತು ತರುತ್ತದೆ ಎಂಬುದನ್ನೂ ಸದಸ್ಯರು ಕೇಳತಕ್ಕದ್ದು.

1. ಲೆಕ್ಕದ ಸೂತ್ರ

ಪ್ರಯೋಗಾಲಯದ ವರದಿಯಲ್ಲಿ ಲೀಟರಿಗೆ 1 ಮಿಲಿಗ್ರಾಂ ಎಂದಿದ್ದರೆ, 10 ಲಕ್ಷ ಲೀಟರ್ ನೀರಿನೊಡನೆ 1 ಕಿಲೋಗ್ರಾಂ ಪದಾರ್ಥ ಹೊಲ ಸೇರುತ್ತದೆ. ಬೇಸಿಗೆಯಲ್ಲಿ ಒಂದು ಎಕರೆ ಮುಸುಕಿನ ಜೋಳಕ್ಕೆ ಒಟ್ಟು 400 ಮಿಲಿಮೀಟರ್ ನೀರು ಹಾಯಿಸಿದರೆ ಅದು ಸುಮಾರು 16 ಲಕ್ಷ ಲೀಟರ್ ಆಗುತ್ತದೆ. ಮುಂದಿನ ಲೆಕ್ಕವೆಲ್ಲ ಈ ಉದಾಹರಣೆಯ ಮೇಲೆ ನಿಂತಿದೆ.

2. ಸಾರಜನಕ

ನೀರಿನಲ್ಲಿ ಒಟ್ಟು ಸಾರಜನಕ ಲೀಟರಿಗೆ 20 ಮಿ.ಗ್ರಾಂ ಇದೆ ಎನ್ನೋಣ. ಆಗ ಎಕರೆಗೆ 32 ಕೆ.ಜಿ. ಸಾರಜನಕ, ಅಂದರೆ ಸುಮಾರು 70 ಕೆ.ಜಿ. ಯೂರಿಯಾ, ನೀರಿನಿಂದಲೇ ಬಂದಂತಾಯಿತು. ನೀರಾವರಿ ಮುಸುಕಿನ ಜೋಳಕ್ಕೆ ಎಕರೆಗೆ ಸುಮಾರು 60 ಕೆ.ಜಿ. ಸಾರಜನಕ ಬೇಕು. ಆದ್ದರಿಂದ ಚೀಲದಿಂದ ಕೊಡಬೇಕಾದದ್ದು 28 ಕೆ.ಜಿ. ಸಾರಜನಕ ಮಾತ್ರ, ಡಿ.ಎ.ಪಿ. ಹಾಕಿದ್ದರೆ ಅದರಲ್ಲಿನ ಸಾರಜನಕವನ್ನೂ ಇದರಲ್ಲಿಯೇ ಹಿಡಿಯಬೇಕು. ನೀರಿನ ಸಾರಜನಕ ಬೆಳೆಯ ಉದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬರುವುದರಿಂದ, ಬಿತ್ತನೆಯ ಗೊಬ್ಬರವನ್ನು ಉಳಿಸಿಕೊಂಡು ಮೇಲುಗೊಬ್ಬರವನ್ನು ಕಡಿತಗೊಳಿಸುವುದು ಸೂಕ್ತ.

ಈ ಕಡಿತವನ್ನು ಮಾಡದಿದ್ದರೆ ಎಲೆಗಳು ಕಡುಹಸಿರಾಗಿ, ಗಿಡ ಮೆತ್ತಗಾಗಿ ಬಾಗುತ್ತದೆ. ಬೆಳೆ ಮಾಗುವುದು ತಡವಾಗುತ್ತದೆ. ಬೆಳೆ ಹೀರದ ಸಾರಜನಕವು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ. ಬೆಳೆಯಿಲ್ಲದ ಹೊಲಕ್ಕೆ ಈ ನೀರನ್ನು ಹರಿಯಬಿಡುವುದೇ ಇದಕ್ಕೆ ಅತ್ಯಂತ ಹತ್ತಿರದ ದಾರಿ.

3. ಲವಣ

ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 1.2 ಡೆಸಿಸೀಮೆನ್ಸ್ ಇದ್ದರೆ, ಲೀಟರಿನಲ್ಲಿ ಸುಮಾರು 770 ಮಿ.ಗ್ರಾಂ ಲವಣವಿರುತ್ತದೆ. ಒಂದೇ ಬೆಳೆಯಲ್ಲಿ ಎಕರೆಗೆ 1,200 ಕೆ.ಜಿ.ಗೂ ಹೆಚ್ಚು ಲವಣ ಸೇರುತ್ತದೆ. ಬೆಳೆ ಇದರಲ್ಲಿ ಅಲ್ಪವನ್ನಷ್ಟೇ ಹೀರುತ್ತದೆ; ನೀರು ಆವಿಯಾಗಿ ಲವಣ ಬೇರಿನ ವಲಯದಲ್ಲಿ ಉಳಿಯುತ್ತದೆ. ಎಲೆಯ ಅಂಚು ಸುಡುವುದು, ಮಣ್ಣಿನ ಮೇಲೆ ಬಿಳಿಯ ಪೊರೆ ಕಾಣುವುದು ಇದರ ಗುರುತುಗಳು.

ಲವಣವನ್ನು ಕೆಳಗೆ ತಳ್ಳಲು ಅಗತ್ಯಕ್ಕಿಂತ ಹೆಚ್ಚು ನೀರು ಕೊಡಬೇಕು. ಇಷ್ಟು ಲವಣದ ನೀರಿನಲ್ಲಿ ಮುಸುಕಿನ ಜೋಳದ ಪೂರ್ಣ ಇಳುವರಿಗೆ, ಹಾಯಿಸಿದ ನೀರಿನ ಸುಮಾರು ಆರನೇ ಒಂದು ಭಾಗ ಬೇರಿನ ಕೆಳಗೆ ಇಳಿದು ಹೋಗಬೇಕು. ಇಲ್ಲಿಯೇ ತೊಡಕು: ಲವಣದೊಡನೆ ನೈಟ್ರೇಟ್ ಕೂಡ ಇಳಿಯುತ್ತದೆ. ಆದ್ದರಿಂದ ಲವಣ ತೊಳೆಯುವ ಕೆಲಸವನ್ನು ಕೊಯ್ಲಿನ ನಂತರ, ಮಣ್ಣಿನಲ್ಲಿ ನೈಟ್ರೇಟ್ ಕಡಿಮೆ ಇರುವಾಗ, ಮುಂಗಾರಿನ ಮಳೆಗೆ ಬಿಡುವುದು ಉತ್ತಮ. ಬದುಗಳು ಗಟ್ಟಿಯಾಗಿದ್ದರೆ ಮಳೆನೀರು ಹೊಲದಲ್ಲಿಯೇ ಇಂಗುತ್ತದೆ. ಮಳೆ ಕೈಕೊಟ್ಟ ವರ್ಷ ಉಪ್ಪು ಕಡಿಮೆಯಿರುವ ಕೊಳವೆಬಾವಿಯ ನೀರನ್ನು ಬೆರೆಸಬೇಕು.

ಕಪ್ಪು ಜೇಡಿ ಮಣ್ಣಿನಲ್ಲಿ ಮತ್ತೊಂದು ಅಪಾಯವಿದೆ. ನೀರಿನಲ್ಲಿ ಸೋಡಿಯಂ ಪ್ರಮಾಣ ಹೆಚ್ಚಿದ್ದರೆ ಮಣ್ಣಿನ ಹರಳು ಒಡೆದು ನೀರು ಇಂಗದೆ ನಿಲ್ಲುತ್ತದೆ. ಅಲ್ಲಿ ಎಷ್ಟು ತೊಳೆದರೂ ಫಲವಿಲ್ಲ; ಮಣ್ಣು ಪರೀಕ್ಷೆಯ ಪ್ರಕಾರ ಮೊದಲು ಜಿಪ್ಸಂ ಹಾಕಬೇಕು.

4. ಲೋಹಗಳು

ಸಂಸ್ಕರಣೆಯಲ್ಲಿ ಲೋಹಗಳ ಹೆಚ್ಚಿನ ಭಾಗ ಕೆಸರಿಗೆ ಸೇರುತ್ತದೆ. ಉಳಿದದ್ದು ಅಲ್ಪವಾದರೂ, ಲವಣದಂತೆ ಅದನ್ನು ಮಳೆ ತೊಳೆಯುವುದಿಲ್ಲ. ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ನೀರಾವರಿ ನೀರಿನಲ್ಲಿ ಕ್ಯಾಡ್ಮಿಯಂಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಈ ಮಿತಿಯಲ್ಲಿದ್ದರೂ ಒಂದು ಬೆಳೆಗೆ ಎಕರೆಗೆ 16 ಗ್ರಾಂ ಸೇರುತ್ತದೆ. ಎಲೆ ತರಕಾರಿಗಳು ಇದನ್ನು ಹೆಚ್ಚು ಹೀರುತ್ತವೆ. ಮಣ್ಣು ಹುಳಿಯಾದಷ್ಟೂ ಹೀರುವಿಕೆ ಹೆಚ್ಚುತ್ತದೆ. ಹೊಲದಲ್ಲಿ ಇದಕ್ಕೆ ಪೂರ್ಣ ಪರಿಹಾರವಿಲ್ಲ. ಲೋಹಲೇಪನ, ಬ್ಯಾಟರಿ ಮುಂತಾದ ಘಟಕಗಳ ನೀರು ಒಳಚರಂಡಿ ಸೇರದಂತೆ ಮೂಲದಲ್ಲಿಯೇ ತಡೆಯುವುದೊಂದೇ ನಂಬಬಹುದಾದ ಕ್ರಮ. ಘಟಕದ ಕೆಸರನ್ನು ಪರೀಕ್ಷಿಸದೆ ಗೊಬ್ಬರವೆಂದು ಹೊಲಕ್ಕೆ ಹಾಕಬಾರದು.

5. ಸಭೆಯಲ್ಲಿ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

ಅ) ಒಟ್ಟು ಸಾರಜನಕ, ವಿದ್ಯುತ್ ವಾಹಕತೆ, ಸೋಡಿಯಂ ಹಾಗೂ ಲೋಹಗಳ ವರದಿಯನ್ನು ಬೇಸಿಗೆ ಮತ್ತು ಮಳೆಗಾಲಗಳಿಗೆ ಪ್ರತ್ಯೇಕವಾಗಿ ಪಡೆಯಲಾಗಿದೆಯೇ?
ಆ) ನೀರು ಹಾಯಿಸುವ ಮೊದಲೇ ಹೊಲದ ಮಣ್ಣನ್ನು ಪರೀಕ್ಷಿಸಲಾಗಿದೆಯೇ? ಮೊದಲ ವರ್ಷದ ಅಂಕಿಯಿಲ್ಲದಿದ್ದರೆ ಮುಂದಿನ ಏರಿಕೆಯನ್ನು ಗುರುತಿಸಲಾಗದು.
ಇ) ಬೆಳೆಯಿಲ್ಲದ ದಿನಗಳಲ್ಲಿ ನೀರನ್ನು ಎಲ್ಲಿ ಸಂಗ್ರಹಿಸಲಾಗುವುದು?
ಈ) ಸುತ್ತಲಿನ ಕುಡಿಯುವ ನೀರಿನ ಕೊಳವೆಬಾವಿಗಳ ನೈಟ್ರೇಟ್ ಪರೀಕ್ಷೆ ಮುಂಗಾರಿನ ಮೊದಲು ಮತ್ತು ನಂತರ ನಡೆಯುವುದೇ?

ಈ ನಾಲ್ಕಕ್ಕೂ ಲಿಖಿತ ಉತ್ತರ ದೊರೆತ ನಂತರವೇ ಪ್ರಸ್ತಾವವನ್ನು ನಿರ್ಣಯಕ್ಕೆ ತೆಗೆದುಕೊಳ್ಳುವುದು ಸೂಕ್ತ.