ಪಾಯಸದ ಕಲೆ

ಗಾಂಧಿಬಜಾರಿನ ಪಕ್ಕದ ಅಡ್ಡರಸ್ತೆಯ ಆ ಡ್ರೈಕ್ಲೀನಿಂಗ್ ಅಂಗಡಿಗೆ ನಮ್ಮ ಮನೆಯ ರೇಷ್ಮೆ ಸೀರೆಗಳು ವರ್ಷಗಳಿಂದ ಹೋಗಿ ಬರುತ್ತಿವೆ. ತಂಗಿಯ ಸೀಮಂತದ ದಿನ ಅಮ್ಮನ ಹಾಲುಬಣ್ಣದ ಸೀರೆಯ ಒಡಲಿಗೆ ಪಾಯಸ ಚೆಲ್ಲಿತು. ಕಲೆ ತೋರಿಸಿಯೇ ಕೊಟ್ಟು ಬಂದೆ. ಸೀರೆ ವಾಪಸು ಬಂದಾಗ ಪಾಯಸದ ಕಲೆ ಇರಲಿಲ್ಲ. ಆದರೆ ಅಂಚಿನ ಮೆರೂನ್ ಬಣ್ಣ ಅಂಗೈಯಗಲ ಒಡಲಿಗೆ ಇಳಿದಿತ್ತು.

ಅಮ್ಮ ಮಾತಾಡಲಿಲ್ಲ. ಸೀರೆ ಮಡಚಿ ಪಕ್ಕಕ್ಕಿಟ್ಟರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ರಾತ್ರಿ ಫೋನ್ ಹಿಡಿದು, ಅಂಗಡಿಗೆ ಒಂದು ಸ್ಟಾರ್ ಕೊಟ್ಟು, ‘ಸೀರೆ ಹಾಳು ಮಾಡುವವರು, ಯಾರೂ ಹೋಗಬೇಡಿ’ ಎಂದು ಬರೆದೆ. ಹಾಕುವ ಮುನ್ನ ಅಮ್ಮನಿಗೆ ಓದಿ ಹೇಳಿದೆ. “ಮೊದಲು ಹೋಗಿ ಅವರನ್ನ ಕೇಳೇ. ಏನಾಯ್ತು ಅಂತ ನಿನಗಿನ್ನೂ ಗೊತ್ತಿಲ್ವಲ್ಲ” ಅಂದರು.

ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಮರುದಿನ ಅಂಗಡಿಯ ಯಜಮಾನರು, “ಬಣ್ಣ ಕಚ್ಚಾ ಇತ್ತಮ್ಮ, ನೇಯ್ದವರ ತಪ್ಪು” ಅಂದರು. ಅವರ ಮುಂದೆಯೇ ಬಿಳಿ ಕರ್ಚೀಫು ಒದ್ದೆ ಮಾಡಿ ಅಂಚಿನ ಒಳಮಡಿಕೆಗೆ ಒತ್ತಿದರೆ ಮೆರೂನ್ ಹತ್ತಿತು. ಬಣ್ಣ ಗಟ್ಟಿ ಇಲ್ಲ ಎಂಬ ಅವರ ಮಾತು ಸುಳ್ಳಲ್ಲ. ಆದರೆ ನೀರಿಗೆ ಹೀಗೆ ಬಿಡುವ ಬಣ್ಣ ಡ್ರೈಕ್ಲೀನಿಂಗ್ ದ್ರಾವಕದಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಒಡಲಿನ ಮೇಲಿನ ಕಲೆಗೆ ನೀರು ಆರಿದಾಗ ಉಳಿಯುವಂಥ ಗೆರೆಯಂಚೂ ಇತ್ತು. “ಇಲ್ಲಿ ನೀರು ಮುಟ್ಟಿಸಿದ್ದೀರಾ?” ಎಂದು ಕೇಳಿದೆ. ಒಳಗಿನ ಹುಡುಗನನ್ನು ಕರೆದರು. ಪಾಯಸದ ಸಕ್ಕರೆ ಆ ದ್ರಾವಕದಲ್ಲಿ ಕರಗುವುದಿಲ್ಲ, ಹಾಗಾಗಿ ಮೊದಲು ಅಲ್ಲಿ ನೀರಿನಿಂದ ಉಜ್ಜಿದ್ದೆ ಎಂದು ಅವನೇ ಹೇಳಿದ. ನೀರು ಬಳಸಿದ್ದು ತಪ್ಪಲ್ಲ. ಅದಕ್ಕೆ ಮುಂಚೆ ಅಂಚಿನ ಬಣ್ಣ ಪರೀಕ್ಷಿಸದೇ ಇದ್ದದ್ದು ತಪ್ಪು. ನಾನು ರಾತ್ರಿ ಬರೆದಿದ್ದರಲ್ಲಿ ಇದ್ಯಾವುದೂ ಇರಲಿಲ್ಲ.

ಆಮೇಲೆ ಒಂದು ಪುಟದ ಪತ್ರ ಬರೆದು ಕೈಗೇ ಕೊಟ್ಟೆ: ಸೀರೆ ಕೊಟ್ಟ ದಿನ, ಚೀಟಿಯ ನಂಬರು, ತೋರಿಸಿದ್ದ ಕಲೆ, ಈಗಿನ ಫೋಟೋಗಳು. ಕೇಳಿದ್ದು ಎರಡೇ. ಒಗೆದ ದುಡ್ಡು ವಾಪಸು ಕೊಡಬೇಕು, ಬಣ್ಣ ತೆಗೆಸುವ ಖರ್ಚು ಅವರೇ ಹಾಕಬೇಕು. ಹದಿನೈದು ದಿನ ಸಮಯ ಕೊಟ್ಟು, ನಕಲಿನ ಮೇಲೆ ಅವರ ಸಹಿ ಪಡೆದೆ. ‘ಬಣ್ಣ ಬಿಟ್ಟರೆ ಜವಾಬ್ದಾರರಲ್ಲ’ ಎಂದು ಚೀಟಿಯ ಹಿಂದೆ ಅಚ್ಚಾಗಿತ್ತು. ಗಿರಾಕಿ ಓದಿ ಒಪ್ಪದ ಇಂಥ ಸಾಲು ಅಂಗಡಿಯವರ ಅಜಾಗರೂಕತೆಯನ್ನು ತಾನಾಗಿಯೇ ಮುಚ್ಚಿಹಾಕುವುದಿಲ್ಲ ಎಂದು ಪತ್ರದಲ್ಲಿ ಸೇರಿಸಿದೆ. ಅವರು ವಾದ ಬೆಳೆಸಲಿಲ್ಲ, ಎರಡಕ್ಕೂ ಒಪ್ಪಿದರು. ಬಣ್ಣದವರ ಕೈಗೆ ಹೋಗಿ ಬಂದ ಸೀರೆಯಲ್ಲಿ ಮುಕ್ಕಾಲು ಕಲೆ ಹೋಗಿದೆ, ಉಳಿದದ್ದು ನೆರಿಗೆಯೊಳಗೆ ಸೇರುತ್ತದೆ. ಆ ವಿಮರ್ಶೆಯನ್ನು ನಾನು ಹಾಕಲೇ ಇಲ್ಲ. ಹಾಕಿದ್ದರೆ ಆ ಹುಡುಗ ಬಾಯಿ ಬಿಡುತ್ತಿದ್ದನೆಂದು ನನಗನಿಸುವುದಿಲ್ಲ.

ಆದರೆ ಮಲ್ಲೇಶ್ವರದ ಅಕ್ಕನ ಮನೆಯ ನೀರಿನ ಫಿಲ್ಟರಿನ ವಿಷಯದಲ್ಲಿ ನಾನೇ ಬಹಿರಂಗವಾಗಿ ಬರೆಸಿದೆ. ವರ್ಷದ ನಿರ್ವಹಣೆಗೆಂದು ಮುಂಗಡ ಪಡೆದ ಕಂಪನಿಯವರು ಬರಲೂ ಇಲ್ಲ, ಫೋನೂ ಎತ್ತಲಿಲ್ಲ. ಎದುರು ಕೂತು ಕೇಳೋಣವೆಂದರೆ ಅಂಗಡಿಯೇ ಇಲ್ಲ. ಇಮೇಲಿನಲ್ಲಿ ಲಿಖಿತ ದೂರು ಕಳಿಸಿ ಹದಿನೈದು ದಿನ ಕಾದೆವು. ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ, ಹಣ ಕೊಡಿ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ. ಆದೇಶ ಬೇಕಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬೇಕು. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. ವಿಮರ್ಶೆ ಬರೆದರೂ ಮಾತುಕತೆ ನಡೆಯುತ್ತಿದ್ದರೂ ಆ ಗಡುವು ನಮಗಾಗಿ ನಿಲ್ಲುವುದಿಲ್ಲ.

ಅಷ್ಟು ಹೊತ್ತಿಗೆ ಬೇರೆಯವರೂ ಮುಂಗಡ ಕಟ್ಟುತ್ತಿರಬಹುದು ಎಂಬುದೇ ನನ್ನ ಚಿಂತೆಯಾಗಿತ್ತು. ಅದಕ್ಕೇ ಅಕ್ಕನ ಹೆಸರಿನಲ್ಲೇ ವಿಮರ್ಶೆ ಹಾಕಿಸಿದೆ. ‘ಮೋಸಗಾರರು’ ಎಂದು ಅಕ್ಕ ಬರೆದಿದ್ದನ್ನು ಅಳಿಸಿದೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ತೋರಿಸಲಾಗದು. ಮಾನನಷ್ಟದ ಪ್ರಶ್ನೆ ಬಂದರೆ ಕೈಹಿಡಿಯುವುದು ದಾಖಲೆಯಿರುವ ಸತ್ಯ. ಹಣ ಕಟ್ಟಿದ ದಿನ, ಕರೆ ಮಾಡಿದ ದಿನಗಳು, ಇಮೇಲ್ ಕಳಿಸಿದ ದಿನ, ಇಷ್ಟೇ ಉಳಿಯಿತು.

ನಾಲ್ಕನೇ ದಿನ ಫೋನ್ ಬಂತು. “ಮೇಡಂ, ರಿವ್ಯೂ ಡಿಲೀಟ್ ಮಾಡಿ, ದುಡ್ಡು ಹಾಕ್ತೀವಿ” ಅಂದರು. ಅಕ್ಕ ಒಪ್ಪಿಬಿಡುತ್ತಿದ್ದಳು, ನಾನು ಬಿಡಲಿಲ್ಲ. ಬರೆದದ್ದನ್ನು ಹಣಕ್ಕೆ ಮಾರಿದ ಹಾಗಾಗುತ್ತದೆ, ಮುಂದೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ‘ಹಣ ಕೊಡದಿದ್ದರೆ ಇನ್ನೂ ಬರೆಯುತ್ತೇವೆ’ ಎಂದು ಹೆದರಿಸುವುದೂ ಬೇಡ ಅಂದೆ. ಹಣ ಬಂದರೆ ಬಂತು ಎಂದು ಅದರ ಕೆಳಗೇ ಬರೆಯುತ್ತೇವೆ ಎಂದಷ್ಟೇ ಅಕ್ಕ ಹೇಳಿದಳು. ಒಂದು ವಾರಕ್ಕೆ ಪೂರ್ತಿ ಮುಂಗಡ ಬಂತು. ಹಳೆಯ ಸಾಲುಗಳನ್ನು ಮುಟ್ಟದೆ, ಹಣ ಬಂದ ತಾರೀಖನ್ನು ಅಕ್ಕ ಅದೇ ದಿನ ಸೇರಿಸಿದಳು.